ಡಿಸ್ಕ್ರಿಮಿನೇಟರ್ ಲಾಸ್ 0.0003, ಜನರೇಟರ್ ಲಾಸ್ 9: ಗ್ಯಾನ್ ಟ್ರೈನಿಂಗ್ ಮುಂದೆ ಹೋಗ್ತಿಲ್ಲ

ಹೊಸ_ಕಲಿಕೆ: 64×64 ಮುಖದ ಚಿತ್ರಗಳ ಮೇಲೆ ಪೈಟಾರ್ಚ್‌ನಲ್ಲಿ ಡಿಸಿಗ್ಯಾನ್ ಓಡಿಸ್ತಿದೀನಿ. ಬ್ಯಾಚ್ 128, ಎರಡಕ್ಕೂ ಆಡಮ್, ಲರ್ನಿಂಗ್ ರೇಟ್ 0.0002. ಎರಡನೇ ಎಪಾಕ್ ಹೊತ್ತಿಗೆ ಡಿಸ್ಕ್ರಿಮಿನೇಟರ್ ಲಾಸ್ 0.0003, ಜನರೇಟರ್ ಲಾಸ್ 9. ಚಿತ್ರಗಳು ಬರೀ ಬಣ್ಣದ ಮುದ್ದೆ. ಜನರೇಟರ್ ಲಾಸ್ ಇಳಿಯೋವರೆಗೂ ಓಡಿಸ್ತಾನೇ ಇರಬೇಕಾ?

ಧಾರವಾಡಿ: ಡಿಸ್ಕ್ರಿಮಿನೇಟರ್ ಭಾಳ ಜೋರಾಗೇದ ರೀ. ಅದನ್ನ ಕಡಿಮಿ ಕಲಸ್ರಿ. ಅದಕ್ಕ ಒಂದು ಸ್ಟೆಪ್ ಕೊಟ್ರ ಜನರೇಟರ್‌ಗೆ ಐದು ಕೊಡ್ರಿ, ಸರಿ ಹೋಗ್ತದ.

ಪಿಕ್ಸೆಲ್_ಪ್ರಿಯೆ: ನಂದೂ ಇದೇ ತೊಂದರೆ. ಅಂಕಿಗಳ ಡೇಟಾ, ಲಾಸ್ ಎರಡೂ ಚೆನ್ನಾಗೇ ಇವೆ, ಆದ್ರೆ ಯಾವ ನಾಯ್ಸ್ ಕೊಟ್ರೂ 1 ಅಥವಾ 7 ಮಾತ್ರ ಬರುತ್ತೆ.

ತುಂಗಾತೀರ: ಪ್ರಿಯೆ ಅವರೇ, ನಿಮ್ಮದು ಮೋಡ್ ಕೊಲ್ಯಾಪ್ಸ್, ಬೇರೆ ರೋಗ. ಆದರೆ ಧಾರವಾಡಿ ಅವರ ಮದ್ದು ಈ ಪ್ರಶ್ನೆ ಕೇಳಿದವರನ್ನೂ ಅಲ್ಲಿಗೇ ಒಯ್ಯಬಹುದು. ಡಿಸ್ಕ್ರಿಮಿನೇಟರ್ ಅಲುಗಾಡದೆ ನಿಂತಿರುವಾಗ ಜನರೇಟರ್ ಐದು ಹೆಜ್ಜೆ ಇಟ್ಟರೆ, ಆ ಕ್ಷಣಕ್ಕೆ ಅದನ್ನು ಸುಲಭವಾಗಿ ಮೋಸಗೊಳಿಸುವ ಒಂದೆರಡು ಚಿತ್ರಗಳ ಕಡೆಗೇ ಎಲ್ಲ ನಾಯ್ಸನ್ನೂ ಎಳೆದು ತರುತ್ತದೆ. ಡಿಸ್ಕ್ರಿಮಿನೇಟರ್ ಆ ಚಿತ್ರಗಳನ್ನು ಗುರುತಿಸಲು ಕಲಿತ ಮೇಲೆ ಜನರೇಟರ್ ಇನ್ನೊಂದಕ್ಕೆ ಜಿಗಿಯುತ್ತದೆ. 1 ಹೋಗಿ 7, 7 ಹೋಗಿ ಮತ್ತೆ 1.

ಈಗ ಮೂಲ ಪ್ರಶ್ನೆ. ಜನರೇಟರ್ ಲಾಸ್ 9 ಎಂದರೆ ಡಿಸ್ಕ್ರಿಮಿನೇಟರ್ ನಕಲಿ ಚಿತ್ರಕ್ಕೆ ಕೊಡುತ್ತಿರುವ ಸಂಭಾವ್ಯತೆ ಸುಮಾರು 0.00012. ಅದಕ್ಕೆ ಅನುಮಾನವೇ ಉಳಿದಿಲ್ಲ. ನಿಮ್ಮ ಲೂಪ್‌ನಲ್ಲಿ ಈ ಮೂರು ಸಾಲು ಹೀಗೇ ಇವೆಯಾ?

```python
fake = G(z)
loss_D = bce(D(x), ones) + bce(D(fake.detach()), zeros)
loss_G = bce(D(fake), ones)
```

ಹೊಸ_ಕಲಿಕೆ: ಹೀಗೇ ಇದೆ ಸರ್. `loss_D` ಸ್ಟೆಪ್ ಆದ ಮೇಲೆ `loss_G`.

ಧಾರವಾಡಿ: ಹಂಗಾದ್ರ ಗ್ರೇಡಿಯೆಂಟ್ ಸತ್ತೇದ. 0.00012ಕ್ಕ ಏನು ಉಳೀತದ?

ತುಂಗಾತೀರ: 2014ರ ಮೂಲ ಮಿನಿಮ್ಯಾಕ್ಸ್ ಸೂತ್ರ `log(1 - D(G(z)))` ಬಳಸಿದ್ದರೆ ನಿಮ್ಮ ಮಾತು ನಿಜ. ಅಲ್ಲಿ ಡಿಸ್ಕ್ರಿಮಿನೇಟರ್‌ನ ಕೊನೆಯಲ್ಲಿ, ಸಿಗ್ಮಾಯ್ಡ್‌ಗೆ ಮುಂಚೆ, ಸಿಗುವ ಗ್ರೇಡಿಯೆಂಟ್ ಅದೇ 0.00012. ಆದರೆ ಇವರು ನಕಲಿಗೆ `ones` ಲೇಬಲ್ ಕೊಟ್ಟು `-log D(G(z))` ಬಳಸುತ್ತಿದ್ದಾರೆ. ಅಲ್ಲಿ ಸಿಗುವುದು 0.99988. ಗ್ರೇಡಿಯೆಂಟ್ ಇದೆ, ದಿಕ್ಕು ಸರಿಯಿಲ್ಲ. ಅಸಲಿ, ನಕಲಿ ಎರಡೂ ಒಂದಕ್ಕೊಂದು ತಾಗದಷ್ಟು ದೂರವಿದ್ದಾಗ ಅವನ್ನು ಬೇರ್ಪಡಿಸುವ ಗೆರೆಯನ್ನು ಎಲ್ಲಿ ಬೇಕಾದರೂ ಎಳೆಯಬಹುದು. ಆ ಗೆರೆಯಿಂದ ಬರುವ ಇಳಿಜಾರು ಮುಖದ ಆಕಾರದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ, ಬ್ಯಾಚಿನಿಂದ ಬ್ಯಾಚಿಗೆ ಹೊಯ್ದಾಡುತ್ತದೆ.

ಇಷ್ಟು ಬೇಗ ಗೆಲ್ಲಬೇಕಾದರೆ ಡಿಸ್ಕ್ರಿಮಿನೇಟರ್‌ಗೆ ಯಾವುದೋ ಸುಲಭದ ಸುಳಿವು ಸಿಕ್ಕಿರಬೇಕು. `x.min()`, `x.max()` ಪ್ರಿಂಟ್ ಮಾಡಿ ನೋಡಿ.

ಹೊಸ_ಕಲಿಕೆ: 0 ಮತ್ತು 1. ಜನರೇಟರ್ ಕೊನೆಯಲ್ಲಿ ಟ್ಯಾನ್‌ಎಚ್ ಇದೆ.

ತುಂಗಾತೀರ: ಅಲ್ಲೇ ಇದೆ. ಟ್ಯಾನ್‌ಎಚ್ -1ರಿಂದ 1ರವರೆಗೆ ಕೊಡುತ್ತದೆ. ಆರಂಭದಲ್ಲಿ ನಕಲಿಯ ಸುಮಾರು ಅರ್ಧ ಪಿಕ್ಸೆಲ್ ಋಣ, ಅಸಲಿಯಲ್ಲಿ ಒಂದೂ ಇಲ್ಲ. ಮುಖ ನೋಡುವ ಅಗತ್ಯವೇ ಡಿಸ್ಕ್ರಿಮಿನೇಟರ್‌ಗೆ ಬೀಳುವುದಿಲ್ಲ. `x = x*2 - 1` ಮಾಡಿ, ಎರಡೂ ಆಡಮ್‌ಗಳಲ್ಲಿ `betas=(0.5, 0.999)` ಇದೆಯಾ ನೋಡಿ, ಮೊದಲಿಂದ ಶುರು ಮಾಡಿ. ಹಳೇ ವೇಟ್‌ಗಳಿಂದ ಮುಂದುವರಿಸಬೇಡಿ.

ಪಿಕ್ಸೆಲ್_ಪ್ರಿಯೆ: ಹಾಗಿದ್ರೆ ಲಾಸ್ ಎಷ್ಟಿದ್ರೆ ಸರಿ?

ತುಂಗಾತೀರ: ಡಿಸ್ಕ್ರಿಮಿನೇಟರ್ ಎಲ್ಲಕ್ಕೂ 0.5 ಹೇಳಿದರೆ ಅದರ ಲಾಸ್ 1.386, ಜನರೇಟರ್‌ದು 0.693. ಆದರೆ ಏನೂ ಕಲಿಯದ ಡಿಸ್ಕ್ರಿಮಿನೇಟರ್ ಕೂಡ ಇದೇ ಅಂಕಿ ಕೊಡುತ್ತದೆ, ಹಾಗಾಗಿ ಇದನ್ನು ಗುರಿ ಅಂದುಕೊಳ್ಳಬೇಡಿ. ಮಾಮೂಲಿ ಟ್ರೈನಿಂಗ್‌ನಲ್ಲಿ ಇಳಿಯಬೇಕಾದ ಕಣಿವೆ ಒಂದೇ. ಇಲ್ಲಿ ಒಬ್ಬರ ಹೆಜ್ಜೆಗೆ ಇನ್ನೊಬ್ಬರ ಕಣಿವೆಯೇ ಜರುಗುತ್ತದೆ.

ಕಾಗದದ ಮೇಲೆ ಮಾಡಿ ನೋಡಿ. ಬೆಲೆ `x*y`, x ಅದನ್ನು ಇಳಿಸಬೇಕು, y ಏರಿಸಬೇಕು. ಸಮತೋಲನ ಇರುವುದು (0, 0)ದಲ್ಲಿ. (1, 1)ರಿಂದ 0.1 ರೇಟ್‌ನಲ್ಲಿ ಇಬ್ಬರೂ ಒಟ್ಟಿಗೆ ಹೆಜ್ಜೆ ಇಟ್ಟರೆ (0.9, 1.1). ಸೊನ್ನೆಯಿಂದ ದೂರದ ವರ್ಗ 2 ಇದ್ದದ್ದು 2.02 ಆಯಿತು. ಪ್ರತಿ ಹೆಜ್ಜೆಗೂ ಶೇ. 1 ಹೆಚ್ಚುತ್ತದೆ, 100 ಹೆಜ್ಜೆಗೆ ದೂರ 1.41ರಿಂದ 2.33. ಇಬ್ಬರೂ ತಪ್ಪು ಮಾಡಿಲ್ಲ, ಆದರೂ ಸುರುಳಿ ಸುತ್ತಿ ಹೊರಗೆ ಹೋಗುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಹೆಜ್ಜೆ ಇಟ್ಟರೆ ಹೊರಗೆ ಹೋಗುವುದಿಲ್ಲ, ಸೊನ್ನೆಯ ಸುತ್ತ ಸುತ್ತುತ್ತಲೇ ಇರುತ್ತಾರೆ.

ಧಾರವಾಡಿ: ಮತ್ತ 2017ರ ವಾಸರ್‌ಸ್ಟೈನ್ ಗ್ಯಾನ್‌ನಾಗ ಡಿಸ್ಕ್ರಿಮಿನೇಟರ್ ಜಾಗಾದಾಗ ಇರೋ ಕ್ರಿಟಿಕ್‌ಗೇ ಐದು ಸ್ಟೆಪ್ ಕೊಡ್ತಾರಲ್ರಿ? ನಾ ಹೇಳಿದ್ದರ ಉಲ್ಟಾ.

ತುಂಗಾತೀರ: ಹೌದು, ಅದು ಮುಖ್ಯವಾದ ಮಾತು. ಅಲ್ಲಿ ಕ್ರಿಟಿಕ್‌ನ ಇಳಿಜಾರಿಗೆ ಮಿತಿ ಹಾಕಿರುತ್ತಾರೆ, ಹಾಗಾಗಿ ಅದು ಎಷ್ಟು ಚೆನ್ನಾಗಿ ಕಲಿತರೂ ಜನರೇಟರ್‌ಗೆ ಕೊಡುವ ದಿಕ್ಕು ಕೆಡುವುದಿಲ್ಲ. ಮೊದಲು ವೇಟ್‌ಗಳನ್ನು ±0.01ಕ್ಕೆ ಕತ್ತರಿಸುತ್ತಿದ್ದರು; ಆಮೇಲೆ ಬಂದ ಗ್ರೇಡಿಯೆಂಟ್ ಪೆನಾಲ್ಟಿ, ಗುಣಕ 10, ಅದಕ್ಕಿಂತ ಎಷ್ಟೋ ವಾಸಿ. ಪ್ರಿಯೆ ಅವರೂ ಅದನ್ನು ಹಾಕಿ ನೋಡಲಿ. ಕ್ರಿಟಿಕ್‌ನಲ್ಲಿರುವ ಬ್ಯಾಚ್‌ನಾರ್ಮ್ ಮಾತ್ರ ತೆಗೆಯಬೇಕು, ಪೆನಾಲ್ಟಿ ಒಂದೊಂದು ಚಿತ್ರಕ್ಕೂ ಬೇರೆಬೇರೆಯಾಗಿ ಲೆಕ್ಕ ಆಗಬೇಕಲ್ಲ.

ಧಾರವಾಡಿ: ಪೆನಾಲ್ಟಿ ಹಾಕಿದ್ರ ಟೈಮ್ ಭಾಳ ತಿಂತದ. ಸಣ್ಣ ಜಿಪಿಯು ಇದ್ರ ಸ್ಪೆಕ್ಟ್ರಲ್ ನಾರ್ಮ್ ಸಾಕು ಅಂತೀನಿ.

ತುಂಗಾತೀರ: ಅಗ್ಗ, ನಿಜ. ಆದರೆ ಅದೊಂದರಿಂದಲೇ ಮೋಡ್ ಕೊಲ್ಯಾಪ್ಸ್ ನಿಲ್ಲುತ್ತದೆ ಅಂತ ನಾನು ಒಪ್ಪಲಾರೆ.

ಹೊಸ_ಕಲಿಕೆ: -1ರಿಂದ 1 ಮಾಡಿ ಮೊದಲಿಂದ ಓಡಿಸಿದೆ. ಮೂರನೇ ಎಪಾಕ್, ಡಿಸ್ಕ್ರಿಮಿನೇಟರ್ ಲಾಸ್ 0.6 ಆಸುಪಾಸು, ಜನರೇಟರ್‌ದು 2ರಿಂದ 4 ಕುಣೀತಿದೆ. ಕಣ್ಣು, ಬಾಯಿ ಕಾಣ್ತಿವೆ. ನಿಲ್ಲಿಸೋದು ಯಾವಾಗ?

ತುಂಗಾತೀರ: 64 ನಾಯ್ಸ್ ವೆಕ್ಟರ್‌ಗಳನ್ನು ಒಮ್ಮೆ ಆರಿಸಿ ಎತ್ತಿಡಿ, ಪ್ರತಿ ಎಪಾಕ್‌ಗೂ ಅವುಗಳಿಂದಲೇ ಚಿತ್ರ ಮಾಡಿ ಸೇವ್ ಮಾಡಿ, ಜೊತೆಗೆ ಚೆಕ್‌ಪಾಯಿಂಟ್ ಕೂಡ. 64ರಲ್ಲಿ ಒಂದೇ ಮುಖ ಮತ್ತೆ ಮತ್ತೆ ಬರಲು ಶುರುವಾದರೆ ಅದಕ್ಕೂ ಹಿಂದಿನ ಚೆಕ್‌ಪಾಯಿಂಟ್‌ಗೆ ಹೋಗಿ. ಕೊನೆಯ ಎಪಾಕ್‌ನದ್ದೇ ಒಳ್ಳೇದು ಅಂತ ಇಲ್ಲಿ ನಂಬಬೇಡಿ.