ಕ್ವಾರಿ ತುಂಬಿದ ಸೈಟು: ರಾಫ್ಟ್ ಹಾಕಿದರೆ ಸಾಕಾ?

ಮಂಜು: ಬೆಂಗಳೂರಿನ ಹೊರವಲಯದಲ್ಲಿ 30x40 ಸೈಟ್ ಇದೆ. ಮೊದಲು ಅಲ್ಲಿ ಕಲ್ಲು ಕ್ವಾರಿ ಇತ್ತಂತೆ. ಸುಮಾರು 15 ವರ್ಷದ ಹಿಂದೆ ಡೆಬ್ರಿಸ್, ಕಸ ಎಲ್ಲ ಸುರಿದು ತುಂಬಿದ್ದಾರೆ. ರಸ್ತೆ ಕಡೆ ಎರಡು ಅಡಿಗೇ ಬಂಡೆ, ಹಿಂದುಗಡೆ 20 ಅಡಿವರೆಗೂ ಫಿಲ್ಲಿಂಗ್. ಒಂದು ಮಹಡಿ ಮನೆ ಕಟ್ಟಬೇಕು. ಪಾಯಕ್ಕೆ ಇಡೀ ಮನೆಯಡಿ ಒಂದೇ ಕಾಂಕ್ರೀಟ್ ಹಾಸು, ಅಂದರೆ ರಾಫ್ಟ್ ಹಾಕಿದರೆ ಸಾಕಾ?

ರಮೇಶ್ ಕಂಟ್ರಾಕ್ಟರ್: ಧಾರಾಳವಾಗಿ ಸಾಕು. 15 ವರ್ಷ ಮಳೆ ಬಿದ್ದು ಎಲ್ಲ ಕೂತಿರುತ್ತದೆ. ರಾಫ್ಟ್ ಮನೆಯ ಭಾರವನ್ನು ಇಡೀ ಜಾಗಕ್ಕೆ ಹಂಚುತ್ತದೆ, ಬಿರುಕು ಬರುವುದಿಲ್ಲ. ಸುಮ್ನೆ ಬಂಡೆವರೆಗೂ ಕಾಂಕ್ರೀಟ್ ಕಂಬ ಇಳಿಸುವ ಪೈಲ್ ಅಂತ ಹೆದರಿಸುವವರ ಮಾತು ಕೇಳಬೇಡಿ.

ಹರೀಶ್ (ಸಾಯಿಲ್ ಟೆಸ್ಟಿಂಗ್): "ಎಲ್ಲ ಕೂತಿರುತ್ತದೆ" ಅಂದಿರಲ್ಲ, ಯಾವ ಎಲ್ಲ? ಮಣ್ಣು, ಇಟ್ಟಿಗೆ ಚೂರು ಆದರೆ ಮೊದಲ ಕೆಲವು ವರ್ಷದಲ್ಲೇ ಬಹುಪಾಲು ಕೂರುತ್ತವೆ, ಒಪ್ಪೋಣ. ಕಸ ಹಾಗಲ್ಲ. ಸೊಪ್ಪು, ಮರ, ಕಾಗದ, ಬಟ್ಟೆ ಕೊಳೆತು ಗ್ಯಾಸ್ ಆಗಿ ಹೋಗುತ್ತವೆ, ಅವು ಇದ್ದ ಜಾಗ ಖಾಲಿಯಾಗುತ್ತದೆ. ಮುಚ್ಚಿದ ಗುಂಡಿಯಲ್ಲಿ ಗಾಳಿ ಇಲ್ಲ, ಹಾಗಾಗಿ ಈ ಕೆಲಸ ದಶಕಗಟ್ಟಲೆ ನಡೆಯುತ್ತದೆ.

ಲೆಕ್ಕ ಹಾಕಿ ನೋಡಿ. 20 ಅಡಿಯಲ್ಲಿ ಅರ್ಧ ಕಸ, ಅದು ಇನ್ನು ಹತ್ತು ಪರ್ಸೆಂಟ್ ಕೂರುತ್ತದೆ ಅಂತಿಟ್ಟುಕೊಳ್ಳಿ. ಹಿಂದಿನ ಗೋಡೆ ಒಂದು ಅಡಿ ಇಳಿಯಿತು. ಮುಂದಿನ ಗೋಡೆ ಬಂಡೆ ಮೇಲಿದೆ, ಅಲ್ಲಾಡುವುದಿಲ್ಲ. 35 ಅಡಿ ಉದ್ದಕ್ಕೆ ಒಂದು ಅಡಿ ಓರೆ. 300 ಅಡಿಗೆ ಒಂದು ಅಡಿ ಓರೆಯಾದರೇ ಗೋಡೆಯಲ್ಲಿ ಬಿರುಕು ಶುರುವಾಗುತ್ತದೆ. ಗಟ್ಟಿ ರಾಫ್ಟ್ ಹಾಕಿದರೆ ಒಡೆಯದೇ ಇರಬಹುದು, ಆದರೆ ಮನೆಗೆ ಮನೆಯೇ ವಾಲುತ್ತದೆ. ಟಾಯ್ಲೆಟ್ ಪೈಪಿಗೆ ನೀವು ಕೊಡುವ ಇಳಿಜಾರು 60 ಅಡಿಗೆ ಒಂದು ಅಡಿ. ಹಿಂದಿನಿಂದ ರಸ್ತೆಗೆ ಹೋಗಬೇಕಾದ ನೀರು ವಾಪಸ್ ಬಚ್ಚಲಿಗೆ ಬರುತ್ತದೆ.

ಶ್ರೀಧರ ಮೈಸೂರು: ಕ್ವಾರಿ ಅಂದ ಮೇಲೆ ನೀರು ನಿಂತಿರುತ್ತದೆ, ದಾಖಲೆಯಲ್ಲಿ ಕೆರೆ ಅಂತ ಇದ್ದರೂ ಇರಬಹುದು. ಕೆರೆ ಸುತ್ತ ಮನೆ ಕಟ್ಟಬಾರದ ಬಫರ್ ಜೋನ್ ನೋಡಿದಿರಾ ಮಂಜು ಅವರೇ? ಖಾತೆ ಯಾವುದು? ಮೊದಲು ಕಾಗದ ಪತ್ರ, ಆಮೇಲೆ ಪಾಯ.

ರಮೇಶ್ ಕಂಟ್ರಾಕ್ಟರ್: ಕೆರೆ ಅಂದಿರಲ್ಲ, ಸರಿಯಾಗಿ ಹೇಳಿದಿರಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಲ್ಲಿ. ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆಯಲ್ಲಿ. ಯಾವುದಾದರೂ ಮುಳುಗಿತಾ? ಹರೀಶ್ ಸರ್ ಉತ್ತರ ಕೊಡಲಿ.

ಪ್ರದೀಪ್: ಮುಳುಗಿದ್ದು ನೋಡಬೇಕಾದರೆ ಜಪಾನಿನ ಕನ್ಸಾಯ್ ಏರ್‌ಪೋರ್ಟ್ ನೋಡಿ. ಸಮುದ್ರ ತುಂಬಿ ದ್ವೀಪ ಮಾಡಿ 1994ರಲ್ಲಿ ಶುರು ಮಾಡಿದರು. ಸಮುದ್ರ ತುಂಬಲು ಶುರು ಮಾಡಿದಾಗಿನಿಂದ ಆ ದ್ವೀಪ ಹತ್ತು ಮೀಟರಿಗೂ ಜಾಸ್ತಿ ಕೂತಿದೆ. ಅಂಥ ಎಂಜಿನಿಯರುಗಳಿಗೇ ಆಗಿಲ್ಲ, ತುಂಬಿದ ಜಾಗ ಯಾವತ್ತಿದ್ದರೂ ಕೈಕೊಡುತ್ತದೆ.

ರಮೇಶ್ ಕಂಟ್ರಾಕ್ಟರ್: ಹತ್ತು ಮೀಟರ್ ಕೂತರೂ ವಿಮಾನ ಇಳಿಯುತ್ತಿದೆ ಅಲ್ವಾ? ನನ್ನ ಮಾತನ್ನೇ ನೀವು ಹೇಳಿದಿರಿ.

ಪ್ರದೀಪ್: ಇಳಿಯುತ್ತಿದೆ, ಯಾಕೆಂದರೆ ಟರ್ಮಿನಲ್ ಕಟ್ಟಡದ ಕಾಲಂಗಳನ್ನು ಜಾಕ್ ಇಟ್ಟು ಎತ್ತಿ ಲೆವೆಲ್ ಮಾಡುತ್ತಾರೆ. ನಿಮ್ಮ ಗಿರಾಕಿಗಳ ಮನೆಗೆ ಜಾಕ್ ಇಟ್ಟು ಕೊಡುತ್ತೀರಾ? ಇಂಥವರಿಂದಲೇ ಜನ ಹಾಳಾಗುವುದು.

ರಮೇಶ್ ಕಂಟ್ರಾಕ್ಟರ್: "ಇಂಥವರು" ಅಂದರೆ ಯಾರು ರೀ? ಮಾತು ನೆಟ್ಟಗಿರಲಿ. ಮೊಬೈಲಲ್ಲಿ ಜಪಾನ್ ಓದಿದವರು ಸೈಟಿಗೆ ಬಂದು ಒಂದು ಪಾಯ ಹಾಕಿಸಿ ನೋಡಿ.

ಹರೀಶ್ (ಸಾಯಿಲ್ ಟೆಸ್ಟಿಂಗ್): ಇಬ್ಬರೂ ಬೇರೆ ಊರಿನ ರೋಗಕ್ಕೆ ಇಲ್ಲಿ ಮದ್ದು ಹೇಳುತ್ತಿದ್ದೀರಿ. ಕನ್ಸಾಯ್‌ನಲ್ಲಿ ಕೊಳೆಯುವುದು ಏನೂ ಇಲ್ಲ. ದ್ವೀಪದ ಭಾರಕ್ಕೆ ಸಮುದ್ರ ತಳದ ಜೇಡಿಯಿಂದ ನೀರು ಹಿಂಡಿ ಹೋಗುತ್ತಿದೆ. ಅದಕ್ಕೆ ಲೆಕ್ಕ ಇದೆ, ವರ್ಷ ಕಳೆದ ಹಾಗೆ ವೇಗ ಕಡಿಮೆಯಾಗುತ್ತದೆ. ಕೆರೆ ತಳದ ಹೂಳೂ ಹೆಚ್ಚು ಕಡಿಮೆ ಅದೇ ಜಾತಿ. ಮಂಜು ಅವರ ಗುಂಡಿಯಲ್ಲಿ ಲಾರಿ ಲಾರಿಗೂ ಬೇರೆ ಬೇರೆ ಸಾಮಾನು ಬಿದ್ದಿದೆ, ಯಾರೂ ರೋಲರ್ ಹೊಡೆದಿಲ್ಲ. ಅಲ್ಲಿ ಎರಡು ಅಡಿ ಆಚೆಗೇ ನೆಲದ ಗುಣ ಬದಲಾಗುತ್ತದೆ.

ಪ್ರದೀಪ್: "ಹೆಚ್ಚು ಕಡಿಮೆ ಅದೇ ಜಾತಿ" ಅಂತ ನೀವೇ ಹೇಳಿದ ಮೇಲೆ ನನ್ನ ಉದಾಹರಣೆ ತಪ್ಪು ಹೇಗೆ?

ಸವಿತಾ: ನಮ್ಮ ಮನೆಯ ಕಥೆ ಕೇಳಿ. ಪೋರ್ಟಿಕೋ ಕೆಳಗೆ ಹಳೆ ಬಾವಿ ಇತ್ತು, ಮಾರಿದವರು ಹೇಳಲೇ ಇಲ್ಲ. ಚಪ್ಪಡಿ ಮುಚ್ಚಿ ಮೇಲೆ ಮಣ್ಣೆಳೆದಿದ್ದರು. ಹಲವು ವರ್ಷ ಏನೂ ಆಗಲಿಲ್ಲ. ಸಂಪ್ ಲೀಕ್ ಆಗಿ ನೀರು ಇಳಿಯತೊಡಗಿದ ಮೇಲೆ ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಒಂದು ಮಳೆಗಾಲದಲ್ಲಿ ಕಾರಿನ ಮುಂದಿನ ಚಕ್ರ ಒಳಗೆ ಹೋಯಿತು. ಮನೆ ಮಾತ್ರ ಗಟ್ಟಿಯಾಗಿ ನಿಂತಿದೆ.

ರಮೇಶ್ ಕಂಟ್ರಾಕ್ಟರ್: ನೋಡಿ, ಮನೆ ಗಟ್ಟಿಯಾಗಿ ನಿಂತಿದೆ ಅಂತ ಮೇಡಂ ಅವರೇ ಹೇಳುತ್ತಿದ್ದಾರೆ.

ಸವಿತಾ: ಮನೆ ಗಟ್ಟಿ ಮಣ್ಣಿನ ಮೇಲಿತ್ತು ಅಣ್ಣ! ಬಿದ್ದದ್ದು ತುಂಬಿದ ಜಾಗ. ಅದನ್ನು ಬಿಟ್ಟು ಓದಿದಿರಾ?

ಮಂಜು: ದಯವಿಟ್ಟು ಜಗಳ ಬೇಡ. ಖಾತೆ, ಬಫರ್ ಎಲ್ಲ ನೋಡಿಸಿದ್ದೇನೆ. ಹಿಂದುಗಡೆ ಒಂದು ಬೋರ್‌ಹೋಲ್ ಟೆಸ್ಟ್ ಮಾಡಿಸಿದೆ. ಹತ್ತನೇ ಅಡಿಯಲ್ಲಿ ಎನ್ ವ್ಯಾಲ್ಯೂ, ಅಂದರೆ ರಾಡ್ ಒಂದು ಅಡಿ ಇಳಿಯಲು ಬೇಕಾದ ಪೆಟ್ಟಿನ ಲೆಕ್ಕ, 50ಕ್ಕಿಂತ ಜಾಸ್ತಿ ಬಂದಿದೆ. ಹಾಗಾದರೆ ಅಲ್ಲಿ ಗಟ್ಟಿ ಇದೆ ಅಲ್ವಾ?

ರಮೇಶ್ ಕಂಟ್ರಾಕ್ಟರ್: 50 ಬಂದ ಮೇಲೆ ಮುಗಿಯಿತಲ್ಲ. ರಾಫ್ಟ್ ಹಾಕಿ.

ಹರೀಶ್ (ಸಾಯಿಲ್ ಟೆಸ್ಟಿಂಗ್): ಕ್ವಾರಿ ಫಿಲ್ಲಿಂಗ್‌ನಲ್ಲಿ ಆ 50 ನಂಬಬೇಡಿ. ಸುರಿದ ಒಂದು ದಪ್ಪ ಕಲ್ಲಿಗೆ ರಾಡ್ ತಾಗಿದರೂ ಅಷ್ಟೇ ಬರುತ್ತದೆ. ಆ ಕಲ್ಲಿನ ಕೆಳಗೆ ಪೊಳ್ಳು ಇರಬಹುದು. ಕಲ್ಲು ಕಲ್ಲು ಆತುಕೊಂಡು ನಡುವೆ ಮಣ್ಣು ತುಂಬದೇ ಉಳಿದಿರುತ್ತದೆ. ಸವಿತಾ ಅವರು ಹೇಳಿದ ಹಾಗೆ ನೀರು ಸೇರಿದ ದಿನ ಮೇಲಿನ ಮಣ್ಣು ಆ ಸಂದಿಗೆ ಜಾರುತ್ತದೆ. 20 ಅಡಿ ದಾಟಿಸಿ ಬಂಡೆ ಕೊರೆದು ಒಂದಿಷ್ಟು ಕೋರ್ ತುಂಡು ತೆಗೆಸಿ, ಒಂದಲ್ಲ, ಮೂರು ಕಡೆ.

ಅದಕ್ಕೂ ಮೊದಲು ಜೆಸಿಬಿ ತರಿಸಿ ಹಿಂದುಗಡೆ ಮೂರು ನಾಲ್ಕು ಗುಂಡಿ ತೆಗೆಸಿ, ಎಷ್ಟು ಆಳ ಹೋಗುತ್ತದೋ ಅಷ್ಟು. ಒಳಗೆ ಯಾರನ್ನೂ ಇಳಿಸಬೇಡಿ. ಬಕೆಟ್ ಮೇಲೆ ತಂದದ್ದನ್ನು ನೆಲಕ್ಕೆ ಸುರಿಸಿ ನೋಡಿ. ಕಪ್ಪಗೆ, ಮೋರಿ ವಾಸನೆ ಬರುತ್ತಿದ್ದರೆ ಕೊಳೆಯುವುದು ನಡೆದಿದೆ. ಹಳೆ ನ್ಯೂಸ್ ಪೇಪರ್ ಸಿಕ್ಕಿ ಅಕ್ಷರ ಓದಲು ಬಂದರೆ ಕೊಳೆಯಬೇಕಾದ್ದು ಇನ್ನೂ ಬಾಕಿ ಇದೆ ಅಂತ. ಬರೀ ಇಟ್ಟಿಗೆ, ಮಣ್ಣು ಬಂದರೆ ರಮೇಶ್ ಅವರ ರಾಫ್ಟ್ ಮಾತಾಡಬಹುದು, ಆಗಲೂ ಮುಂದಿನ ಬಂಡೆಯ ಚಿಂತೆ ಉಳಿಯುತ್ತದೆ.

ರಮೇಶ್ ಕಂಟ್ರಾಕ್ಟರ್: "ರಮೇಶ್ ಅವರ ರಾಫ್ಟ್ ಮಾತಾಡಬಹುದು." ಬರೆದಿಟ್ಟುಕೊಳ್ಳಿ ಮಂಜು.

ಮಂಜು: ಕಸ ಬಂದರೆ?

ಹರೀಶ್ (ಸಾಯಿಲ್ ಟೆಸ್ಟಿಂಗ್): ಕಸ ತೆಗೆದು ಹಾಕುವುದು ಒಂದು ದಾರಿ. ಬಂಡೆವರೆಗೆ ಅಗೆದು, ಒಳ್ಳೆ ಮಣ್ಣನ್ನು ಎಂಟು ಹತ್ತು ಅಂಗುಲದ ಪದರ ಮಾಡಿ ರೋಲರ್ ಹೊಡೆಯುವುದು. ಆದರೆ 20 ಅಡಿ ಅಗೆದರೆ ಪಕ್ಕದ ಮನೆಯ ಪಾಯ ಜಾರುತ್ತದೆ. ಭಾರದ ಗುಂಡು ಎತ್ತಿ ಬೀಳಿಸಿ ನೆಲ ಬಡಿಯುವ ವಿಧಾನ ಲೇಔಟ್ ಒಳಗೆ ಆಗದು, ಬಡಿದರೂ ಪೊಳ್ಳು ಮುಚ್ಚುತ್ತದೆಯೇ ಹೊರತು ಕೊಳೆಯುವುದು ನಿಲ್ಲುವುದಿಲ್ಲ. ಉಳಿದದ್ದು ಪೈಲ್. ಅದು ಬಂಡೆಯೊಳಗೆ ಕೂರಬೇಕು. ಕ್ವಾರಿಯ ಬಂಡೆ ಗೋಡೆ ಹಾಗೆ ಕಡಿದಿರುತ್ತದೆ, ತುದಿ ಜಾರದ ಹಾಗೆ ಕೊರೆಯಬೇಕು. ಕೇಸಿಂಗ್ ಇಲ್ಲದಿದ್ದರೆ ಕಾಂಕ್ರೀಟ್ ಪೊಳ್ಳಿಗೆ ಹರಿದು ಹೋಗುತ್ತದೆ. ಇಳಿಯುವ ಕಸ ಪೈಲನ್ನೂ ಕೆಳಕ್ಕೆ ಎಳೆಯುತ್ತದೆ, ಆ ಭಾರವನ್ನೂ ಡಿಸೈನಲ್ಲಿ ಸೇರಿಸಬೇಕು. ನೆಲಮಹಡಿಯ ಫ್ಲೋರ್ ಮಣ್ಣಿನ ಮೇಲೆ ಮಲಗಬಾರದು, ಬೀಮಿನ ಮೇಲೆ ಸ್ಲ್ಯಾಬ್ ಆಗಿ ನಿಲ್ಲಬೇಕು.

ಪ್ರದೀಪ್: ಸ್ಲ್ಯಾಬ್ ಕೆಳಗೆ ಜಾಗ ಬಿಟ್ಟರೆ ಮೀಥೇನ್ ತುಂಬಿಕೊಳ್ಳುತ್ತದೆ. ಇಂಗ್ಲೆಂಡಿನ ಲಾಸ್ಕೋದಲ್ಲಿ 1986ರಲ್ಲಿ ಹಳೆ ಕಸದ ಗುಂಡಿಯ ಗ್ಯಾಸ್ ಸ್ಫೋಟಿಸಿ ಒಂದು ಮನೆಯೇ ನೆಲಸಮ ಆಯಿತು.

ಹರೀಶ್ (ಸಾಯಿಲ್ ಟೆಸ್ಟಿಂಗ್): ಈ ಉದಾಹರಣೆ ಇಲ್ಲಿಗೆ ಹೊಂದುತ್ತದೆ. ಆ ಮನೆ ಗುಂಡಿಯ ಮೇಲೂ ಇರಲಿಲ್ಲ, ಪಕ್ಕದಲ್ಲಿತ್ತು. ಗಾಳಿಯಲ್ಲಿ ಮೀಥೇನ್ 5ರಿಂದ 15 ಪರ್ಸೆಂಟ್ ಆದರೆ ಕಿಡಿ ಸಾಕು. ಸ್ಲ್ಯಾಬ್ ಕೆಳಗಿನ ಜಾಗದ ಎರಡೂ ಬದಿಗೆ ಕಿಂಡಿ ಬಿಟ್ಟು ಗಾಳಿ ಆಡಿಸಬೇಕು. ಪೈಪ್ ಒಳಬರುವ ತೂತುಗಳನ್ನು ಸೀಲ್ ಮಾಡಬೇಕು.

ರಮೇಶ್ ಕಂಟ್ರಾಕ್ಟರ್: ಇಷ್ಟೆಲ್ಲ ಒಂದು ಮಹಡಿ ಮನೆಗಾ? ಆ ದುಡ್ಡಿಗೆ ಇನ್ನೊಂದು ಸೈಟ್ ಬರುತ್ತದೆ.

ಹರೀಶ್ (ಸಾಯಿಲ್ ಟೆಸ್ಟಿಂಗ್): ಅದಕ್ಕೇ ಮಂಜು, ಗುಂಡಿ ತೆಗೆದ ಮೇಲೆ ಬಂಡೆ ಎಲ್ಲಿವರೆಗೆ ಬಂದಿದೆ ಅಂತ ಗೆರೆ ಹಾಕಿ. ಅದರ ಮೇಲಷ್ಟೇ ಮನೆ ಕೂರಿಸಿ ಎರಡು ಮಹಡಿ ಎತ್ತಲು ಆಗುತ್ತದಾ ನೋಡಿ. ಹಿಂದೆ ಗಿಡ ಬೆಳೆಸಿ, ಸಂಪ್ ಮಾತ್ರ ಅಲ್ಲಿ ಬೇಡ.

ರಮೇಶ್ ಕಂಟ್ರಾಕ್ಟರ್: 30x40ರಲ್ಲಿ ಅರ್ಧ ಗಿಡಕ್ಕೆ ಬಿಡುವವರನ್ನು ನಾನಂತೂ ನೋಡಿಲ್ಲ.

ಶ್ರೀಧರ ಮೈಸೂರು: ಎಲ್ಲ ಸರಿ, ಮಾರಿದವರು ಕ್ರಯಪತ್ರದಲ್ಲಿ ಕ್ವಾರಿ ಅಂತ ಬರೆದಿದ್ದಾರಾ ಇಲ್ಲವಾ? ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.