ಮೆಸೇಜ್ ಕ್ಯೂ ಹೊರೆಯನ್ನು ‘ಹೀರಿಕೊಳ್ಳುತ್ತದೆ’ ಎನ್ನಬಹುದೇ?

ಪ್ರಶ್ನೆ:
ಮಾನ್ಯರೇ, ನಾನು ಬರೆಯುತ್ತಿರುವ ಕೈಪಿಡಿಯೊಂದರಲ್ಲಿ, ಗಂಟೆಗೊಮ್ಮೆ ಓಡುವ ಜಾಬ್ ಒಂದು ಡೇಟಾಬೇಸಿನಿಂದ 60,000 ದಾಖಲೆಗಳನ್ನು ಐದು ನಿಮಿಷದೊಳಗೆ ಹೊರತೆಗೆಯುತ್ತದೆ. ಅವು ಸೇರಬೇಕಾದ ವ್ಯವಸ್ಥೆಯಾದರೋ ಸೆಕೆಂಡಿಗೆ 20ಕ್ಕಿಂತ ಹೆಚ್ಚು ಬರೆದುಕೊಳ್ಳಲಾರದು. ಆದ್ದರಿಂದ ನಡುವೆ ಮೆಸೇಜ್ ಕ್ಯೂ ಇದೆ. ಅದು ಹೊರೆಯನ್ನು ‘ಹೀರಿಕೊಳ್ಳುತ್ತದೆ’ ಎಂದು ಬರೆದಿದ್ದೆ. ಕರಡು ಓದಿದವರೊಬ್ಬರು, ಹೀರಿಕೊಂಡ ಮೇಲೆ ಆ ಕಡೆಗೆ ಹೋಗಲು ಏನು ಉಳಿಯಿತು ಎಂದು ಕೇಳಿದರು. ‘ಬರ್ಸ್ಟ್’ ಎಂಬುದಕ್ಕೆ ‘ಸ್ಫೋಟ’ ಎಂದದ್ದೂ ನನಗೇ ಒಪ್ಪಿಗೆಯಾಗುತ್ತಿಲ್ಲ. ‘ಸಂದೇಶ ಸರತಿ’ ಎಂಬ ಪದ ಸರಿಯೇ?

ಒಂದನೆಯ ಉತ್ತರ:
‘ಸರತಿ’ ಸರಿಯಾಗಿಯೇ ಇದೆ. ಮೊದಲು ಬಂದದ್ದು ಮೊದಲು ಹೋಗುತ್ತದೆ ಎಂಬ ಅರ್ಥ ಆ ಪದದಲ್ಲೇ ಇದೆ, ಕ್ಯೂ ಮಾಡುವುದೂ ಅಷ್ಟೇ. ‘ಸ್ಫೋಟ’ ಮಾತ್ರ ಬೇಡ. ಇಲ್ಲಿ ಏನೂ ಸಿಡಿಯುವುದಿಲ್ಲ, ಒಮ್ಮೆಗೇ ನುಗ್ಗುತ್ತದೆ.

ಎರಡನೆಯ ಉತ್ತರ:
ಕ್ಯೂ ನಿಧಾನವಾದುದನ್ನು ವೇಗಗೊಳಿಸುವುದರಿಂದ ಅದನ್ನು ‘ವೇಗವರ್ಧಕ’ ಎನ್ನಬಹುದಲ್ಲವೇ? ನನ್ನದೂ ಒಂದು ತೊಡಕಿದೆ. ನಾವು ಕ್ಯೂ ಇಟ್ಟ ಮೇಲೆ ಕೆಲವು ದಾಖಲೆಗಳು ಕಾಣೆಯಾದವು. ಕ್ಯೂನಿಂದ ಸಂದೇಶ ತೆಗೆದುಕೊಳ್ಳುವ ನಮ್ಮ ಪ್ರೋಗ್ರಾಂ, ಅದು ಕೈಗೆ ಬಂದ ಕೂಡಲೇ ‘ಸ್ವೀಕೃತಿ’ ಕಳುಹಿಸುತ್ತಿತ್ತು; ಅದು ತಲುಪಿದೊಡನೆ ಕ್ಯೂ ಆ ಸಂದೇಶವನ್ನು ಅಳಿಸಿಬಿಡುತ್ತಿತ್ತು. ಬರೆಯುವ ಮುನ್ನ ಪ್ರೋಗ್ರಾಂ ನಿಂತುಹೋದಾಗ ಕ್ಯೂನಲ್ಲಿಯೂ ಆ ಸಂದೇಶ ಇರಲಿಲ್ಲ. ‘ಸ್ವೀಕೃತಿ’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸಿತೆಂದು ನನಗೆ ಅನ್ನಿಸುತ್ತದೆ.

ಮೂರನೆಯ ಉತ್ತರ:
ಕ್ಯೂ ಏನನ್ನೂ ವೇಗಗೊಳಿಸುವುದಿಲ್ಲ. ಮೇಲಿನ ಲೆಕ್ಕವನ್ನೇ ನೋಡಿ: ಐದು ನಿಮಿಷದಲ್ಲಿ 60,000 ಒಳಬಂದರೆ, ಅಷ್ಟರಲ್ಲಿ 6,000 ಮಾತ್ರ ಹೊರಹೋಗಿರುತ್ತವೆ, ಉಳಿದ 54,000 ಕರಗಲು ಇನ್ನೂ 45 ನಿಮಿಷ ಬೇಕು. ಮುಂದಿನ ಜಾಬ್ ಬರುವಷ್ಟರಲ್ಲಿ ಹತ್ತು ನಿಮಿಷದ ಬಿಡುವು ಸಿಗುತ್ತದೆ. ಅದೇ ಜಾಬನ್ನು ಅರ್ಧ ಗಂಟೆಗೊಮ್ಮೆ ಓಡಿಸಿ, ಪ್ರತಿ ಸಲವೂ ಇಷ್ಟೇ ದಾಖಲೆಗಳು ಬಂದರೆ, ಸುತ್ತು ಸುತ್ತಿಗೂ 24,000 ಬಾಕಿ ಉಳಿದು ಬೆಳೆಯುತ್ತಲೇ ಹೋಗುತ್ತದೆ. ಆಗ ಕ್ಯೂ ಕೇವಲ ತೊಂದರೆಯನ್ನು ಮುಂದೂಡುತ್ತದೆ. ಬಾಕಿಯ ಸಂಖ್ಯೆ ಪ್ರತಿ ಸಲವೂ ಏರಿ ಇಳಿಯುವುದು ಸಹಜ. ಜಾಬ್ ಶುರುವಾಗುವ ಹೊತ್ತಿಗೆ ಅತ್ಯಂತ ಹಳೆಯ ಸಂದೇಶ ಎಷ್ಟು ಹೊತ್ತಿನಿಂದ ಕಾದಿದೆ ಎಂಬುದನ್ನು ನೋಡಿದರೆ ಈ ಬೆಳವಣಿಗೆ ಬೇಗ ತಿಳಿಯುತ್ತದೆ.

ಆದ್ದರಿಂದ ‘ಹಿಡಿದಿಟ್ಟುಕೊಂಡು ಹದವಾಗಿ ಬಿಡುತ್ತದೆ’ ಎನ್ನುವುದು ನಿಜಕ್ಕೆ ಹತ್ತಿರ. ‘ಸರತಿ’ಯ ಬಗ್ಗೆ ನನಗೆ ಅಳುಕಿದೆ: ಹಲವು ಪ್ರೋಗ್ರಾಂಗಳು ಒಟ್ಟಿಗೆ ತೆಗೆದುಕೊಳ್ಳುವಾಗ, ಅಥವಾ ವಿಫಲವಾದ ಸಂದೇಶ ಮರಳಿ ಬಂದಾಗ, ಬಂದ ಕ್ರಮ ಉಳಿಯದೇ ಹೋಗಬಹುದು. ಎರಡನೆಯವರ ಅನುಭವ ಮುಖ್ಯವಾದುದು. ದಾಖಲೆಯನ್ನು ಬರೆದು ಮುಗಿದ ಮೇಲೆಯೇ ಆ ‘ಸ್ವೀಕೃತಿ’ಯನ್ನು ಕಳುಹಿಸಬೇಕಾದ್ದರಿಂದ ಅದನ್ನು ‘ಮುಗಿದ ಸೂಚನೆ’ ಎನ್ನುವುದು ಮೇಲು. ಬರೆದಾದ ಮೇಲೆ, ಸೂಚನೆ ತಲುಪುವ ಮುನ್ನ ಪ್ರೋಗ್ರಾಂ ನಿಂತರೆ ಅದೇ ಸಂದೇಶ ಎರಡನೆಯ ಸಲ ಬರುತ್ತದೆ. ಅದೇ ಗುರುತುಸಂಖ್ಯೆಯ ದಾಖಲೆ ಆಗಲೇ ಇದ್ದರೆ ಅದರ ಮೇಲೆಯೇ ಬರೆದರೆ ನಕಲು ಹುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರು:
‘ಹಿಡಿದಿಟ್ಟುಕೊಳ್ಳು’ ಮತ್ತು ‘ಮುಗಿದ ಸೂಚನೆ’ ಎರಡನ್ನೂ ಬಳಸುತ್ತೇನೆ; ಕ್ಯೂ ಎಂಬುದನ್ನು ಕ್ಯೂ ಎಂದೇ ಬಿಡುತ್ತೇನೆ. ‘ಬರ್ಸ್ಟ್’ಗೆ ಸದ್ಯ ‘ನುಗ್ಗುಹೊರೆ’ ಎಂದು ಬರೆದುಕೊಂಡಿದ್ದೇನೆ. ಒಂದನೆಯವರ ‘ನುಗ್ಗು’ ಅದರಲ್ಲಿದೆ, ಆದರೆ ಸ್ವಲ್ಪ ಹೊತ್ತಿಗೆ ಅದು ನಿಲ್ಲುತ್ತದೆ ಎಂಬ ಅರ್ಥ ಬರುತ್ತಿಲ್ಲ.