ಅಪ್‌ಡೇಟ್: ಹಸಿರು ಪಟ್ಟಿಯ ವಾಟರ್‌ಮಾರ್ಕ್ ಹಿಡಿಯಲು ಎಷ್ಟು ಪದ ಬೇಕು?

AI ಪಠ್ಯ ಬರೆಯುವುದು ಟೋಕನ್ ಎಂಬ ಚೂರುಚೂರಾಗಿ. ಪ್ರತಿ ಹೆಜ್ಜೆಗೂ ಕೆಲವು ಟೋಕನ್‌ಗಳನ್ನು ಹಸಿರು ಪಟ್ಟಿಗೆ ಹಾಕಿ, ಅವನ್ನೇ ಹೆಚ್ಚಾಗಿ ಆರಿಸುವಂತೆ ಮಾಡಿದರೆ ಪಠ್ಯದಲ್ಲಿ ಗುಟ್ಟಿನ ಗುರುತು ಉಳಿಯುತ್ತದೆ. ಅದೇ ಈ ವಾಟರ್‌ಮಾರ್ಕ್. ಅದನ್ನು ಹಿಡಿಯುವ ಬಗ್ಗೆ ನಾನು ಕೇಳಿದ್ದು: "ಒಂದು ಪ್ಯಾರಾ ಸಾಕಾ, ಇಡೀ ಪುಟ ಬೇಕಾ?"

ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ. ಲೆಕ್ಕ ಮಾಡಿ ನೋಡಿದ ಮೇಲೆ ತಿಳಿದದ್ದು ಇಷ್ಟು.

```
z = (G − γT) / √(Tγ(1−γ))
```

`z` ಅಂದರೆ ಹಸಿರು ಟೋಕನ್‌ಗಳ ಎಣಿಕೆ ಆಕಸ್ಮಿಕವಾಗಿ ಬರಬೇಕಾದ್ದಕ್ಕಿಂತ ಎಷ್ಟು ಹೆಚ್ಚಿದೆ ಎಂಬ ಅಳತೆ; ಅದು ಒಂದು ಗಡಿ ದಾಟಿದರೆ ವಾಟರ್‌ಮಾರ್ಕ್ ಇದೆ ಎನ್ನುತ್ತೇವೆ. `T` ಒಟ್ಟು ಟೋಕನ್, `G` ಅದರಲ್ಲಿ ಹಸಿರು ಬಂದವು, `γ` ಹಸಿರು ಪಟ್ಟಿಯ ಪಾಲು. `γ` 0.25 ಅಂದುಕೊಳ್ಳಿ. ಮನುಷ್ಯರು ಬರೆದ 200 ಟೋಕನ್‌ಗಳಲ್ಲಿ ಸುಮಾರು 50 ತಾವಾಗಿಯೇ ಹಸಿರಾಗಿರುತ್ತವೆ. 80 ಸಿಕ್ಕರೆ z = 4.9. ಗಡಿ 4 ಇಟ್ಟರೆ ಸುಳ್ಳು ಆರೋಪದ ಸಾಧ್ಯತೆ ಸುಮಾರು 30 ಸಾವಿರಕ್ಕೆ ಒಂದು, ಹಾಗಾಗಿ ಇದು ಗಟ್ಟಿ ಸಾಕ್ಷ್ಯ. ಆದರೆ 100ರಲ್ಲಿ 40 ಸಿಕ್ಕರೆ, ಪ್ರಮಾಣ ಅದೇ 40% ಆದರೂ, z ಬರೀ 3.46.

ಹಸಿರು 40% ಇರುವಾಗ ಸರಾಸರಿ z ಗಡಿ ಮುಟ್ಟುವುದು 133 ಟೋಕನ್‌ಗೆ. ಅಲ್ಲಿಗೆ ನಿಲ್ಲಿಸಬೇಡಿ: ಅಷ್ಟುದ್ದದ ಪಠ್ಯಗಳಲ್ಲಿ ಹೆಚ್ಚುಕಡಿಮೆ ಅರ್ಧ ತಪ್ಪಿಸಿಕೊಳ್ಳುತ್ತವೆ. ನೂರಕ್ಕೆ 95 ಸಿಗಬೇಕಾದರೆ ಸುಮಾರು 290 ಬೇಕು. ತಿದ್ದಿ ಬರೆದು ಹಸಿರು 30%ಕ್ಕೆ ಇಳಿದರೆ ಸರಾಸರಿ z ಗಡಿ ಮುಟ್ಟುವುದೇ 1200 ಟೋಕನ್‌ಗೆ.

ಕನ್ನಡಕ್ಕೆ ಮುಖ್ಯವಾದ ಮಾತು: ಟೋಕನ್ ಅಂದರೆ ಪದವಲ್ಲ. "ಮನೆಗಳಲ್ಲಿ" ಹಲವು ಚೂರಾಗಬಹುದು. ಹಾಗಂತ ಕಡಿಮೆ ಪದ ಸಾಕು ಎನ್ನುವಂತಿಲ್ಲ. ಪದದ ಮೊದಲ ಚೂರು ಬಂದ ಮೇಲೆ ಉಳಿದವು ಬಹುತೇಕ ನಿಶ್ಚಿತ, ಅಲ್ಲಿ ವಾಟರ್‌ಮಾರ್ಕ್‌ಗೆ ಆಯ್ಕೆಯೇ ಇರದು. ಜೊತೆಗೆ, ಪಟ್ಟಿಯನ್ನು ಹಿಂದಿನ ಟೋಕನ್ ನಿರ್ಧರಿಸುವುದರಿಂದ ಅದೇ ಜೋಡಿ ಮತ್ತೆ ಬಂದರೆ ಬಣ್ಣವೂ ಅದೇ. ಪ್ರತಿ ಜೋಡಿಯನ್ನು ಒಮ್ಮೆ ಮಾತ್ರ ಎಣಿಸಿ, ಇಲ್ಲದಿದ್ದರೆ ಪುನರಾವರ್ತನೆ ಹೆಚ್ಚಿರುವ ಮನುಷ್ಯರ ಬರಹವೂ ಸಿಕ್ಕಿಬೀಳಬಹುದು.